ಅರಬ್ಬಿಯ ಎರಡು ‘ಕ’, ಮತ್ತು ನಮ್ಮ ಥ-ಧ ಅಲ್ಲದ ಥ-ಧ

ಪ್ರಶ್ನೆ: ಮನೆಮಾತು ಕನ್ನಡ. ಆರು ತಿಂಗಳಿಂದ ಅರಬ್ಬಿ ಕಲಿಯುತ್ತಿದ್ದೇನೆ, ಮುಂದಿನ ವರ್ಷ ಕುವೈತ್‌ಗೆ ಕೆಲಸಕ್ಕೆ ಹೋಗುವವನಿದ್ದೇನೆ. ಎರಡು ಬಗೆಯ ‘ಕ’ ನನ್ನ ಕಿವಿಗೆ ಒಂದೇ ಆಗಿ ಕೇಳುತ್ತವೆ. ಪುಸ್ತಕದಲ್ಲಿ ಥ, ಧ ಎಂದು ಬರೆದಿದೆ, ಹಾಗೇ ಹೇಳಿದರೆ ಉಸ್ತಾದರು ತಪ್ಪು ಅನ್ನುತ್ತಾರೆ. ನನ್ನ ತಪ್ಪು ಎಲ್ಲಿದೆ, ಹೇಗೆ ತಿದ್ದಿಕೊಳ್ಳಲಿ ಸರ್?

ಉತ್ತರ: ಮೊದಲು ಲಿಪಿಯ ವಿಷಯ ಮುಗಿಸಿಬಿಡೋಣ, ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ. ಕನ್ನಡದಲ್ಲಿ ಬರೆದ ಅರಬ್ಬಿ ಪಾಠಗಳು ಮೇಲೆ ಎರಡು ಚುಕ್ಕೆಯಿರುವ ಕಂಠದಾಳದ ಅಕ್ಷರವನ್ನು ಒಂದು ಕಡೆ ಕ ಎಂದೂ ಇನ್ನೊಂದು ಕಡೆ ಖ ಎಂದೂ ಬರೆಯುತ್ತವೆ. ಮೂರು ಚುಕ್ಕೆಯದು ಥ ಆಗುತ್ತದೆ, ಚುಕ್ಕೆ ಹೊತ್ತ ದಾಲ್ ಧ ಆಗುತ್ತದೆ. ನಮ್ಮ ಖ, ಥ, ಧ ಮಹಾಪ್ರಾಣಗಳು. ಅಂದರೆ ಕ, ತ, ದ ಹೇಳಿ, ಜೊತೆಗೆ ಉಸಿರನ್ನು ಒತ್ತಿ ಬಿಡುವುದು. ಅರಬ್ಬಿಯ ಈ ಮೂರು ಧ್ವನಿಗಳಿಗೂ ಆ ಒತ್ತಿಗೂ ಸಂಬಂಧವೇ ಇಲ್ಲ. ಆದ್ದರಿಂದ ಇಲ್ಲಿ ಅಲ್ಪಪ್ರಾಣದ ಅಕ್ಷರಕ್ಕೇ ನುಕ್ತ ಎಂಬ ಗುರುತು ಹಾಕಿ ಬರೆಯುತ್ತೇನೆ: ಸಾದಾ ಕಾಫ್‌ಗೆ ಕ, ಗಂಟಲಿನ ಕ಼ಾಫ್‌ಗೆ ಕ಼, ಮೂರು ಚುಕ್ಕೆಯದಕ್ಕೆ ತ಼, ದ಼ಾಲ್‌ಗೆ ದ಼. ನಿಮ್ಮ ಪುಸ್ತಕದಲ್ಲೂ ಪೆನ್ಸಿಲ್‌ನಲ್ಲಿ ಹೀಗೇ ತಿದ್ದಿಕೊಳ್ಳಿ. ಥ ಎಂದು ಕಣ್ಣಿಗೆ ಬಿದ್ದಷ್ಟು ದಿನ ನಾಲಿಗೆ ಥ ಎಂದೇ ನುಡಿಯುತ್ತದೆ.

ಈಗ ಎರಡು ‘ಕ’ಗಳು. ಕಿವಿಗೆ ಒಂದೇ ಎನಿಸುವುದಕ್ಕೆ ಕಾರಣ ನೀವು ವ್ಯಂಜನಕ್ಕೆ ಕಿವಿಗೊಡುತ್ತಿರುವುದು. ವ್ಯಂಜನ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ಅದರಲ್ಲಿ ಹಿಡಿಯುವುದಕ್ಕೆ ಹೆಚ್ಚೇನೂ ಇಲ್ಲ. ವ್ಯತ್ಯಾಸ ಉಳಿಯುವುದು ಅದರ ಬೆನ್ನಿಗೇ ಬರುವ ಸ್ವರದಲ್ಲಿ. ಕನ್ನಡದ ‘ಆ’ ಬಾಯಿಯ ನಡುಭಾಗದ್ದು. ಕಾಫ್‌ನ ಪಕ್ಕದಲ್ಲಿ ಅರಬ್ಬಿಯ ‘ಆ’ ಮುಂದಕ್ಕೆ ಜರುಗುತ್ತದೆ, ನಾವು ‘ಬ್ಯಾಂಕ್’ ಎನ್ನುವಾಗ ಬರುವ ಸ್ವರದ ಕಡೆಗೆ ವಾಲುತ್ತದೆ. ಕ಼ಾಫ್‌ನ ಪಕ್ಕದಲ್ಲಿ ಅದೇ ಸ್ವರ ಹಿಂದಕ್ಕೆ ಸರಿದು ದಪ್ಪಗಾಗುತ್ತದೆ. ಪೇಟೆಯವರು ‘ಡಾಕ್ಟರ್’ ಎನ್ನುವಾಗ ಬರುವ ‘ಡಾ’ ಇದೆಯಲ್ಲ, ಆ ಕಡೆಗೆ, ಆದರೆ ತುಟಿ ದುಂಡಗಾಗದೆ. ‘ಕಾಲ’ ಎಂದರೆ ಅಳೆದನು, ‘ಕ಼ಾಲ’ ಎಂದರೆ ಹೇಳಿದನು. ‘ಕಲ್ಬ್’ ನಾಯಿ, ‘ಕ಼ಲ್ಬ್’ ಹೃದಯ. ಈ ಜೋಡಿಗಳನ್ನು ಕೇಳುವಾಗ ಮೊದಲಕ್ಷರ ಬಿಟ್ಟುಬಿಡಿ, ಸ್ವರ ತೆಳುವೋ ದಪ್ಪವೋ ಎಂದಷ್ಟೇ ನಿಮ್ಮನ್ನು ಕೇಳಿಕೊಳ್ಳಿ. ಒಂದೇ ಆಗಿ ಕೇಳುತ್ತಿದ್ದದ್ದು ಬೇರೆಬೇರೆಯಾಗಿ ನಿಲ್ಲತೊಡಗುತ್ತದೆ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಕನ್ನಡಿಗರು ತಮ್ಮ ಕಾಫ್ ಸರಿಯಿದೆ, ಕೆಟ್ಟಿರುವುದು ಕ಼ಾಫ್ ಮಾತ್ರ ಎಂದುಕೊಂಡಿರುತ್ತಾರೆ. ಹಾಗಲ್ಲ. ಕನ್ನಡದ ‘ಕಾ’ದಲ್ಲಿ ವ್ಯಂಜನಕ್ಕೆ ಉಸಿರಿಲ್ಲ, ಸ್ವರ ನಡುವಿನದು. ಅರಬ್ಬಿಯ ಕಾಫ್‌ನಲ್ಲಿ ಸ್ವಲ್ಪ ಉಸಿರಿದೆ, ಸ್ವರ ಮುಂದಿನದು. ಹೀಗಾಗಿ ನಮ್ಮ ‘ಕಾ’ ಅತ್ತ ಕಾಫ್ ಅಲ್ಲ, ಇತ್ತ ಕ಼ಾಫ್ ಅಲ್ಲ, ನಡುವೆ ತೂಗಾಡುತ್ತದೆ. ಎರಡನ್ನೂ ಸರಿಸಬೇಕು: ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ.

ಕ಼ಾಫ್ ಹುಟ್ಟುವ ಜಾಗವನ್ನು ಎಂಟನೇ ಶತಮಾನದ ವ್ಯಾಕರಣಕಾರ ಸೀಬವೈಹಿ ನೇರವಾಗಿ ಹೇಳಿದ್ದಾನೆ: ನಾಲಿಗೆಯ ಕಟ್ಟಕಡೆಯ ಭಾಗ ಮತ್ತು ಅದರ ಮೇಲಿನ ಅಂಗುಳು, ಕಾಫ್‌ನದು ಅಲ್ಲಿಂದ ಸ್ವಲ್ಪ ಈಚೆ. ಅಂದರೆ ಕ಼ಾಫ್‌ನಲ್ಲಿ ನಾಲಿಗೆಯ ಹಿಂಬದಿ ಮೇಲೆದ್ದು ಕಿರುನಾಲಿಗೆ ತೂಗುವ ಜಾಗದಲ್ಲಿ ಗಾಳಿಯ ದಾರಿ ಮುಚ್ಚಿ, ಪಟ್ಟನೆ ಬಿಡುತ್ತದೆ. ಆ ಜಾಗ ಹುಡುಕುವುದಕ್ಕೆ ಹೀಗೆ ಮಾಡಿ. ಕನ್ನಡದಲ್ಲೇ ನಿಧಾನವಾಗಿ ಕಿ, ಕಾ, ಕೂ ಎನ್ನಿ. ನಾಲಿಗೆ ತಾಗುವ ಜಾಗ ಮುಂದಿನಿಂದ ಹಿಂದಕ್ಕೆ ಜರುಗುವುದು ಗೊತ್ತಾಗುತ್ತದೆ. ಈಗ ಕೂ ಎನ್ನಲು ನಾಲಿಗೆ ಎತ್ತಿ, ಶಬ್ದ ಬಿಡದೆ ಅಲ್ಲೇ ತಡೆಯಿರಿ. ತುಟಿ ಸಡಿಲಿಸಿ, ದವಡೆಯನ್ನು ಎರಡು ಬೆರಳು ಹೋಗುವಷ್ಟು ಇಳಿಸಿ, ನಾಲಿಗೆಯ ಬುಡವನ್ನು ಇನ್ನೂ ಒಂದಿಷ್ಟು ಹಿಂದಕ್ಕೆಳೆದು ‘ಆ’ ಬಿಡಿ. ಬಂದದ್ದು ‘ಕಾ’ ಆಗಿದ್ದರೆ ನಾಲಿಗೆ ಕಡೆಯ ಗಳಿಗೆಯಲ್ಲಿ ಮುಂದಕ್ಕೆ ಜಾರಿದೆ. ಆಗ ನಾಲಿಗೆಯ ತುದಿಯನ್ನು ತೊಳೆದ ಚಮಚದ ಹಿಡಿಯಿಂದ ಮೆಲ್ಲಗೆ ಕೆಳಗೊತ್ತಿ ಹಿಡಿದು ಮತ್ತೆ ಮಾಡಿ. ಮುಂಭಾಗ ಏಳಲಾಗದೆ ಹಿಂಭಾಗವೇ ಕೆಲಸ ಮಾಡಬೇಕಾಗುತ್ತದೆ.

ಜಾಗ ಸರಿಯೋ ಅಲ್ಲವೋ ನೋಡಲು ಶಬ್ದ ಬೇಡ, ಉಸಿರು ಸಾಕು. ಬಾಯಿ ತೆರೆದು ಕ ಎನ್ನುವಂತೆ ನಾಲಿಗೆ ಮುಚ್ಚಿ, ಬಿಡುವ ಹೊತ್ತಿಗೆ ಗಾಳಿಯನ್ನು ಹೊರಗೆ ಬಿಡುವ ಬದಲು ಒಳಗೆಳೆದುಕೊಳ್ಳಿ. ಮೇಲಂಗುಳಿನಲ್ಲಿ ಒಂದು ಚುಕ್ಕೆ ತಣ್ಣಗಾಗುತ್ತದೆ. ಕ಼ಾಫ್‌ಗೆ ಅದನ್ನೇ ಮಾಡಿದಾಗ ಆ ತಣ್ಣನೆಯ ಚುಕ್ಕೆ ಇನ್ನೂ ಹಿಂದೆ, ನೀರು ತುಂಬಿ ಗಂಟಲು ಮುಕ್ಕಳಿಸುವಾಗ ಗುಳುಗುಳು ಎನ್ನುವ ಜಾಗದಲ್ಲಿ, ಇರಬೇಕು. ಎರಡೂ ಒಂದೇ ಕಡೆ ತಣ್ಣಗಾದರೆ ನೀವಿನ್ನೂ ಕಾಫ್‌ನಲ್ಲೇ ಇದ್ದೀರಿ.

ಇಲ್ಲಿ ಕರ್ನಾಟಕದವರಿಗೇ ಒಂದು ಹಳ್ಳವಿದೆ. ದಖ್ಖನಿ ಉರ್ದು ಮಾತಾಡುವವರ ಬಾಯಲ್ಲಿ ಕ಼ಾಫ್ ಸಾಮಾನ್ಯವಾಗಿ ಗೊರಗೊರ ಎನ್ನುವ ಖ಼ ಆಗುತ್ತದೆ. ನಮ್ಮ ಸುತ್ತಲಿನವರಿಂದ ಉಚ್ಚಾರ ಕಲಿತವರಿಗೆ ಇದೇ ‘ಸರಿಯಾದ ಗಂಟಲಿನ ಕ’ ಎನಿಸಿಬಿಡುತ್ತದೆ. ಕನ್ನಡಕ್ಕೆ ಬಂದ ಮಾತುಗಳಲ್ಲೂ ಈ ಗುರುತುಂಟು. ಹಕ್ಕು, ಬಾಕಿ, ನಕಲು, ಕರಾರು ಇವೆಲ್ಲ ಮೂಲದಲ್ಲಿ ಕ಼ಾಫ್. ವಕೀಲ, ಹುಕುಂ, ಮಾಲೀಕ ಮೂಲದಲ್ಲಿ ಕಾಫ್. ಕನ್ನಡ ಎರಡನ್ನೂ ಕ ಮಾಡಿತು. ಆದರೆ ‘ಇಲಾಖೆ’ಯಲ್ಲಿ ಕ಼ಾಫ್ ಖ ಆಗಿ ಕೂತಿದೆ. ಹೀಗೆ ಬಂದ ಖ಼ವನ್ನು ಪತ್ತೆ ಹಚ್ಚುವುದು ಸುಲಭ: ಅದನ್ನು ಮೂರು ಸೆಕೆಂಡು ಎಳೆಯಬಹುದು. ಕ಼ಾಫ್ ಅನ್ನು ಎಳೆಯಲಾಗದು, ಅದು ಮುಚ್ಚಿ ಬಿಡುವ ಧ್ವನಿ. ಎಳೆಯಲು ಬಂದರೆ, ಗಂಟಲು ಕೆರೆದ ಹಾಗಾದರೆ, ಹತ್ತು ಸಲ ಹೇಳುವಷ್ಟರಲ್ಲಿ ಉರಿ ಬಂದರೆ, ನಾಲಿಗೆ ಪೂರ್ತಿ ಮುಚ್ಚುತ್ತಿಲ್ಲ. ಅರ್ಥವೂ ಹೋಗುತ್ತದೆ. ‘ಕ಼ಾಲ್’ ಹೇಳಿದನು, ‘ಖ಼ಾಲ್’ ಸೋದರಮಾವ.

ಇನ್ನೊಂದು ತಪ್ಪು ಪುಸ್ತಕ ಓದಿ ಬರುವಂಥದು. ಕುರ್‌ಆನ್ ಪಠಣದ ಉಚ್ಚಾರ ಹೇಳಿಕೊಡುವ ತಜ್ವೀದ್ ಗ್ರಂಥಗಳು ಕ಼ಾಫ್ ಅನ್ನು ‘ಮಜ್‌ಹೂರ್’ ಗುಂಪಿಗೆ ಸೇರಿಸುತ್ತವೆ. ಅದಕ್ಕೆ ‘ಘೋಷ’ ಎಂದು ಅರ್ಥ ಹಚ್ಚಿಕೊಂಡವರು ಗ ಕಡೆಗೆ ಹೋಗುತ್ತಾರೆ. ಇಂದಿನ ಪಠಣದಲ್ಲಿ ಕ಼ಾಫ್‌ಗೆ ಗಂಟಲಿನ ಕಂಪನವಿಲ್ಲ. ಆ ಮಾತನ್ನು ‘ಉಸಿರು ಹರಿಯದ’ ಎಂದು ಓದಿಕೊಂಡರೆ ಸಾಕು. ಕಾಫ್‌ನಲ್ಲಿ ಉಸಿರು ಹರಿಯುತ್ತದೆ, ಕ಼ಾಫ್‌ನಲ್ಲಿ ಹರಿಯದು.

ಪದದ ಕೊನೆಯಲ್ಲಿ ಈ ಉಸಿರೇ ಗುರುತು, ಏಕೆಂದರೆ ಅಲ್ಲಿ ಬೆನ್ನಿಗೆ ಬರುವ ಸ್ವರವಿಲ್ಲ. ‘ಶಕ್ಕ್’ ಅನುಮಾನ, ‘ಶಕ಼್ಕ಼್’ ಸೀಳು. ಪಠಣದಲ್ಲಿ ನಿಲ್ಲಿಸಿ ಓದುವಾಗ ಕಾಫ್ ಆದ ಮೇಲೆ ತೆಳ್ಳನೆಯ ಗಾಳಿ ಹೊರಬರುತ್ತದೆ. ತುಟಿಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಹಿಡಿದ ಕಾಗದದ ಪಟ್ಟಿ ಅಲುಗುತ್ತದೆ. ಕ಼ಾಫ್ ಪುಟಿಯುತ್ತದೆ: ಮುಚ್ಚಿದ್ದು ಚಿಟ್ಟನೆ ಬಿಟ್ಟುಕೊಂಡು ಗಿಡ್ಡ ಪ್ರತಿಧ್ವನಿಯೊಂದು ಉಳಿಯುತ್ತದೆ. ಇದಕ್ಕೆ ಕ಼ಲ್‌ಕ಼ಲ ಎಂದು ಹೆಸರು, ಇಂಥ ಅಕ್ಷರಗಳು ಐದು. ಕನ್ನಡಿಗರು ಇಲ್ಲಿ ‘ಶಕ್ಕು’ ಎಂದು ಉಕಾರ ಸೇರಿಸುತ್ತಾರೆ. ಪುಟಿತ ಬೇಕು, ಸ್ವರ ಬೇಡ. ಉಕಾರ ಸೇರಿದೆಯೇ ಎಂದು ತಿಳಿಯಲು ತುಟಿ ನೋಡಿಕೊಳ್ಳಿ. ತುಟಿ ಮುಂದೆ ಬಂದರೆ ಸೇರಿದೆ.

ಅತಿ ಕಷ್ಟದ ಜಾಗ ಉಕಾರದ್ದು. ಉ ತಾನೇ ಹಿಂದಿನ ಸ್ವರವಾದ್ದರಿಂದ ಕಾಫ್ ಕೂಡ ಹಿಂದಕ್ಕೆ ಸರಿಯುತ್ತದೆ, ಅಂತರ ಕಿರಿದಾಗುತ್ತದೆ. ‘ಕ಼ುಲ್’ ಹೇಳು, ‘ಕುಲ್’ ತಿನ್ನು. ಕುರ್‌ಆನಿನ 112ನೇ ಅಧ್ಯಾಯ ಶುರುವಾಗುವುದೇ ‘ಕ಼ುಲ್’ ಎಂಬ ಮಾತಿನಿಂದ, ಹಾಗಾಗಿ ಉಸ್ತಾದರು ಇಲ್ಲಿ ಬಿಡುವುದಿಲ್ಲ. ಕ಼ುಲ್‌ನ ಉಕಾರ ತುಸು ಇಳಿದು ಒಕಾರದ ನೆರಳು ಪಡೆಯುತ್ತದೆ, ಅದನ್ನು ಕೇಳಿ. ಇಕಾರದಲ್ಲಿ ತದ್ವಿರುದ್ಧ, ಅಂತರ ದೊಡ್ಡದು. ಕಾಫ್ ಮುಂದಕ್ಕೆ ಓಡಿ ನಮ್ಮ ‘ಕಿವಿ’ಯ ಕಿ ಆಗುತ್ತದೆ, ಕ಼ಾಫ್ ಹಿಂದೆಯೇ ನಿಂತು ಸ್ವರಕ್ಕೆ ಮುಂಚೆ ಒಂದು ಮಂದ ಜಾರು ಬಿಡುತ್ತದೆ. ಕಲಿಕೆಯನ್ನು ಆಕಾರದಿಂದ ಶುರುಮಾಡಿ, ಇಕಾರಕ್ಕೆ ಬನ್ನಿ, ಉಕಾರ ಕೊನೆಗಿರಲಿ.

ಇನ್ನು ತ಼, ದ಼. ಇಲ್ಲಿ ಕಷ್ಟ ಜಾಗದ್ದಲ್ಲ, ಮುಚ್ಚುವ ಚಾಳಿಯದ್ದು. ಕನ್ನಡದ ತ, ಥ, ದ, ಧ ನಾಲ್ಕರಲ್ಲೂ ನಾಲಿಗೆ ಮೇಲಿನ ಹಲ್ಲಿನ ಹಿಂಭಾಗಕ್ಕೆ ಅಂಟಿ ಗಾಳಿಯನ್ನು ಪೂರ್ತಿ ತಡೆಯುತ್ತದೆ. ಥ ಎಂದರೆ ತಡೆದು ಜೋರಾಗಿ ಬಿಟ್ಟದ್ದು, ಅಷ್ಟೇ. ತ಼, ದ಼ಗಳಲ್ಲಿ ಗಾಳಿ ಒಂದು ಗಳಿಗೆಯೂ ನಿಲ್ಲಬಾರದು. ಒತ್ತಿ ಹೇಳಿದಷ್ಟೂ ನೀವು ಗುರಿಯಿಂದ ದೂರ ಹೋಗುತ್ತೀರಿ, ಉಸ್ತಾದರು ತಪ್ಪೆಂದಾಗ ಇನ್ನಷ್ಟು ಒತ್ತುತ್ತೀರಿ. ಬೇಕಾದದ್ದು ಸಡಿಲ.

ಕನ್ನಡಿ ಮುಂದೆ ಕೂತು ನಾಲಿಗೆಯ ತುದಿಯನ್ನು ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ ಇಡಿ. ಒಂದೆರಡು ಮಿಲಿಮೀಟರ್ ಹೊರಗೆ ಕಂಡರೆ ಸಾಕು, ನಾಲಿಗೆ ಚಾಚುವುದೂ ಬೇಡ, ಕಚ್ಚುವುದೂ ಬೇಡ. ಮೇಲಿನ ಹಲ್ಲಿನ ಅಂಚು ನಾಲಿಗೆಗೆ ಹೂವಿನಷ್ಟು ಹಗುರಾಗಿ ತಾಗಿರಲಿ. ಈಗ ಬಿಸಿ ಕಾಫಿ ಆರಿಸುವಷ್ಟು ಮೆಲ್ಲಗೆ ಊದಿ. ಮೂರು ಸೆಕೆಂಡು ತಡೆಯಿಲ್ಲದೆ ಗಾಳಿ ಹರಿದರೆ ಅದು ತ಼. ನಾಲಿಗೆ ಕದಲಿಸದೆ ಗಂಟಲಿನ ದನಿ ಸೇರಿಸಿ. ಗಂಟಲ ಮೇಲೆ ಬೆರಳಿಟ್ಟರೆ ಕಂಪನ ತಿಳಿಯಬೇಕು, ನಾಲಿಗೆಯ ತುದಿಗೂ ಕಚಗುಳಿಯಾಗಬೇಕು. ಅದು ದ಼. ಕಚಗುಳಿ ಇಲ್ಲದಿದ್ದರೆ ನಾಲಿಗೆ ಹಲ್ಲಿಗೆ ಅಂಟಿದೆ, ನೀವು ಹೇಳುತ್ತಿರುವುದು ದ.

ಒಂಟಿಯಾಗಿ ಬಂದದ್ದು ಪದದೊಳಗೆ ಕೈಕೊಡುತ್ತದೆ. ನಾಲಿಗೆ ಹಳೆಯ ಜಾಗಕ್ಕೆ ಒಮ್ಮೆ ತಾಗಿ ಆಮೇಲೆ ಹೊರಬರುತ್ತದೆ, ‘ಹಾದ಼ಾ’ (ಇದು) ಎನ್ನಬೇಕಾದದ್ದು ‘ಹಾದ್‌ದ಼ಾ’ ಆಗುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎರಡು ಆಕಾರಗಳ ನಡುವೆ ದನಿ ಎಳೆದ ದಾರದಂತೆ ಸಾಗಬೇಕು, ತುಂಡಾಗಿದ್ದರೆ ನಾಲಿಗೆ ಮುಚ್ಚಿದೆ. ಇದಕ್ಕೆ ಮದ್ದು ಹಿಂದಿನ ಸ್ವರ ಮುಗಿಯುವ ಮುಂಚೆಯೇ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ತಂದಿಡುವುದು.

ದ್ವಿತ್ವದಲ್ಲಿ ಇದು ಇನ್ನೂ ಗಟ್ಟಿಯಾಗುತ್ತದೆ, ನಮ್ಮ ಭಾಷೆ ಒತ್ತಕ್ಷರದ ಭಾಷೆಯಾದ್ದರಿಂದ. ‘ಅತ್ತೆ’ ಎನ್ನುವಾಗ ಎರಡು ತಗಳ ನಡುವೆ ಏನಿದೆ? ಮೌನ. ಅರಬ್ಬಿಯಲ್ಲಿ ತ಼ ಮತ್ತು ದ಼ ಸೂರ್ಯಾಕ್ಷರಗಳು, ಅಂದರೆ ಇವುಗಳಿಗೆ ಮೊದಲು ‘ಅಲ್’ ಬಂದರೆ ಅದರ ಲಕಾರ ಮಾಯವಾಗಿ ಇವೇ ಇಮ್ಮಡಿಸುತ್ತವೆ: ‘ಅತ಼್ತ಼ಲಾತ಼ಾ’ ಮಂಗಳವಾರ, ‘ಅದ಼್ದ಼ಹಬ್’ ಚಿನ್ನ. ಕನ್ನಡಿಗರ ಬಾಯಲ್ಲಿ ಇವು ‘ಅತ್ತಲಾತಾ’, ‘ಅದ್ದಹಬ್’. ಇಲ್ಲಿ ಇಮ್ಮಡಿಯಾಗಬೇಕಾದದ್ದು ಮೌನವಲ್ಲ, ಗಾಳಿ. ತ಼ ಎಂದು ಊದುತ್ತಾ ಇನ್ನೊಂದಿಷ್ಟು ಹೊತ್ತು ಊದುತ್ತಲೇ ಇರುವುದು.

ಇನ್ನೊಂದು ಗುಂಪು ಇದೇ ಜಾಗದಲ್ಲಿ ಸ ಮತ್ತು ಜ಼ ಹೇಳುತ್ತದೆ. ಅದು ಪಾರಸಿ, ಉರ್ದುಗಳ ದಾರಿಯಿಂದ ಬಂದದ್ದು. ನಮ್ಮ ‘ವಾರಸುದಾರ’ನಲ್ಲಿರುವ ಸ ಅರಬ್ಬಿಯ ‘ವಾರಿತ಼್’ನ ತ಼, ‘ಅಜಾನ್’, ‘ಜಿಮ್ಮೇದಾರಿ’ಗಳ ಜ ಮೂಲದಲ್ಲಿ ದ಼. ಉರ್ದು ಮಾತಾಡುವಾಗ ಅದೇ ಸರಿ, ಅರಬ್ಬಿಯಲ್ಲಿ ಅರ್ಥ ತಪ್ಪುತ್ತದೆ. ‘ಇಸ್ಮ್’ ಹೆಸರು, ‘ಇತ಼್ಮ್’ ಪಾಪ. ‘ದಲ್ಲ’ ದಾರಿ ತೋರಿಸಿದನು, ‘ಜ಼ಲ್ಲ’ ಜಾರಿದನು, ‘ದ಼ಲ್ಲ’ ಹೀನಸ್ಥಿತಿಗೆ ಬಂದನು. ಕೇಳಿ ಗುರುತಿಸಲು ಹೀಗೆ ನೆನಪಿಡಿ: ಸ ಚೂಪು, ಸೀಟಿಯಂತೆ ಮೇಲೇಳುತ್ತದೆ, ತ಼ ಮಂಕು, ಹತ್ತಿರವಿದ್ದರೆ ಮಾತ್ರ ಕೇಳುವಷ್ಟು ಮೆಲು. ಹಳೆಯ ಬಗೆಯ ಫೋನ್ ಕರೆಯಲ್ಲಿ ಸುಮಾರು 3,400 ಹರ್ಟ್ಸ್‌ಗಿಂತ ಮೇಲಿನ ಧ್ವನಿ ಕತ್ತರಿಸಿಹೋಗುವುದರಿಂದ ಸ, ತ಼, ಫ಼ ಮೂರೂ ಕಲಸಿಹೋಗುತ್ತವೆ. ಕರೆಯಲ್ಲಿ ಪಾಠ ಕಲಿಯುತ್ತಿದ್ದರೆ ನಿಮ್ಮ ಕಿವಿಯನ್ನು ಬೈಯಬೇಡಿ, ವಿಡಿಯೊ ಪಾಠಕ್ಕೆ ಬದಲಿಸಿ. ಕಣ್ಣಿಗೂ ಸುಳಿವು ಸಿಗುತ್ತದೆ: ಸ ಎನ್ನುವಾಗ ಹಲ್ಲು ಕೂಡಿರುತ್ತದೆ, ತ಼ ಎನ್ನುವಾಗ ನಾಲಿಗೆಯ ತುದಿ ಕಾಣುತ್ತದೆ.

ಮೂರನ್ನೂ ಒಟ್ಟಿಗೆ ಪರೀಕ್ಷಿಸುವ ಒಂದು ತುಣುಕಿದೆ. ಕುರ್‌ಆನಿನ 99ನೇ ಅಧ್ಯಾಯದ 7 ಮತ್ತು 8ನೇ ವಾಕ್ಯಗಳೆರಡರಲ್ಲೂ ಬರುವ ‘ಮಿತ಼್ಕ಼ಾಲ ದ಼ರ್ರತಿನ್’, ಅಂದರೆ ಅಣುವಿನಷ್ಟು ತೂಕ. ನಮ್ಮಲ್ಲಿ ಸಾಮಾನ್ಯವಾಗಿ ಕೇಳುವುದು ‘ಮಿಸ್ಕಾಲ ಜರ್ರತಿನ್’ ಅಥವಾ ‘ಮಿಥಕಾಲ ಧರ್ರತಿನ್’. ಮೊದಲನೆಯದರಲ್ಲಿ ಮೂರೂ ಧ್ವನಿ ಹೋಗಿವೆ. ಎರಡನೆಯದರಲ್ಲಿ ಮೂರೂ ಹೋಗಿ, ನಡುವೆ ಇಲ್ಲದ ಅಕಾರವೊಂದು ಬಂದಿದೆ. ಬಿಡಿಸಿ ಹೇಳಿನೋಡಿ. ‘ಮಿ’ ಎಂದು ತುಟಿ ಬಿಡುತ್ತಲೇ ನಾಲಿಗೆಯ ತುದಿ ಹಲ್ಲಿನ ನಡುವೆ ಹೋಗಲಿ, ‘ಮಿತ಼್’ ಎಂದು ಒಂದು ಸೆಕೆಂಡು ಊದಿ. ಊದುತ್ತಿರುವಾಗಲೇ ನಾಲಿಗೆಯ ಹಿಂಬದಿ ಎದ್ದು ಕಿರುನಾಲಿಗೆಯ ಬಳಿ ದಾರಿ ಮುಚ್ಚಲಿ, ಗಾಳಿ ತಾನಾಗಿ ನಿಲ್ಲುತ್ತದೆ. ತುದಿ ಒಳಗೆ ಬರುವುದು ಆಮೇಲೆ. ಈ ಅನುಕ್ರಮ ತಿರುಗುಮುರುಗಾದರೆ, ತುದಿ ಮೊದಲು ಒಳಬಂದು ಹಿಂಬದಿ ಆಮೇಲೆ ಎದ್ದರೆ, ನಡುವಿನ ಸಂದಿಯಲ್ಲೇ ಆ ಅಕಾರ ನುಸುಳುವುದು. ಈಗ ‘ಕ಼ಾ’ ದಪ್ಪ ಸ್ವರದಲ್ಲಿ ಬಿಡಿ. ‘ಲ’ಕ್ಕೆ ಬರುವಷ್ಟರಲ್ಲಿ ಸ್ವರ ಮತ್ತೆ ತೆಳುವಾಗಿರಬೇಕು. ಕ಼ಾಫ್‌ನ ದಪ್ಪ ಮುಂದಿನ ದ಼ಕ್ಕೂ ಹರಡಿದರೆ ಅದು ದ಼ಾಲ್ ಆಗಿ ಉಳಿಯದು, ಇದೇ ಜಾಗದಲ್ಲಿ ಹುಟ್ಟುವ ಇನ್ನೊಂದು ಭಾರದ ಅಕ್ಷರವೆಂದು ಕೇಳುತ್ತದೆ. ಕೊನೆಗೆ ‘ದ಼ರ್ರತಿನ್’: ತುದಿ ಮತ್ತೆ ಹಲ್ಲಿನ ನಡುವೆ, ಕಚಗುಳಿ, ಆಮೇಲೆ ಕೊರಕಲು ರ್ರ. ಇಲ್ಲಿಯ ‘ತಿ’ ಸಾದಾ ತ, ಅದಕ್ಕೆ ನಾಲಿಗೆ ಹೊರಬರಬಾರದು. ತ಼ ಕಲಿತ ಹೊಸದರಲ್ಲಿ ಕಂಡ ತ ಎಲ್ಲಕ್ಕೂ ನಾಲಿಗೆ ಚಾಚುವುದು ಸಾಮಾನ್ಯ. ಮಹಮೂದ್ ಖಲೀಲ್ ಅಲ್ ಹುಸರಿ ಅವರ ನಿಧಾನ ಪಠಣದಲ್ಲಿ ಈ ತುಣುಕನ್ನು ಹುಡುಕಿ, ನಿಮ್ಮ ರೆಕಾರ್ಡಿಂಗ್ ಜೊತೆ ಒಂದಾದ ಮೇಲೊಂದು ಕೇಳಿ.

ಕಿವಿಯ ಅಭ್ಯಾಸಕ್ಕೆ ಹತ್ತು ಜೋಡಿ ಪದಗಳನ್ನು ಇಪ್ಪತ್ತು ಚೀಟಿಯಲ್ಲಿ ಬರೆದು ಕಲಸಿ, ಉಸ್ತಾದರಿಂದ ಓದಿಸಿ ರೆಕಾರ್ಡ್ ಮಾಡಿಕೊಳ್ಳಿ. ಮರುದಿನ ಕೇಳಿ ಬರೆದು, ಚೀಟಿಗೆ ತಾಳೆ ಹಾಕಿ. ಇಪ್ಪತ್ತರಲ್ಲಿ ಹತ್ತು ಸರಿಯಾದರೆ ಅದು ನಾಣ್ಯ ಚಿಮ್ಮಿದಂತೆ, ಏನೂ ಕೇಳಿಸಿಲ್ಲ ಎಂದರ್ಥ. ಹದಿನೆಂಟು ದಾಟಿದ ಮೇಲೆ ಮುಂದಿನ ಸ್ವರಕ್ಕೆ ಹೋಗಿ. ಆಮೇಲೆ ಅದೇ ಚೀಟಿಗಳನ್ನು ನೀವು ಓದಿ ಉಸ್ತಾದರಿಗೆ ಕೇಳಿಸಿ, ಅವರು ಬರೆಯಲಿ. ‘ಸರಿಯಾಗಿದೆಯಾ’ ಎಂದು ಕೇಳಿದರೆ ಸೌಜನ್ಯಕ್ಕೆ ಹೌದೆನ್ನಬಹುದು, ಅವರು ಬರೆದ ಚೀಟಿಗೆ ಸೌಜನ್ಯ ಗೊತ್ತಿಲ್ಲ.

ಕುವೈತ್‌ಗೆ ಹೋಗುವವರು ಒಂದು ತಿಳಿದಿರಬೇಕು. ಅಲ್ಲಿನ ಆಡುಮಾತಿನಲ್ಲಿ ಕ಼ಾಫ್ ಹೆಚ್ಚಾಗಿ ಗ ಆಗುತ್ತದೆ: ಹೃದಯ ‘ಗಲ್ಬ್’, ಹೇಳಿದ ‘ಗಾಲ್’, ಕಾಫಿ ‘ಗಹ್ವ’. ಕಾಫ್ ಎಷ್ಟೋ ಪದಗಳಲ್ಲಿ ಚ ಆಗಿ, ನಾಯಿ ‘ಚಲ್ಬ್’ ಆಗುತ್ತದೆ. ಅಂದರೆ ನೀವು ಇಷ್ಟು ಕಷ್ಟಪಟ್ಟು ಬೇರ್ಪಡಿಸಿದ ಜೋಡಿಯನ್ನು ಅವರು ಬೇರೆ ರೀತಿಯಲ್ಲಿ ಬೇರ್ಪಡಿಸುತ್ತಾರೆ, ಬೆರೆಸುವುದಿಲ್ಲ. ತ಼, ದ಼ ಅಲ್ಲಿ ಆಡುಮಾತಿನಲ್ಲೂ ಗಟ್ಟಿಯಾಗಿವೆ, ಹಾಗಾಗಿ ಇವು ಬೀದಿಯಲ್ಲೂ ಬೇಕು. ಜೊತೆಗೆ ಕೆಲಸ ಮಾಡುವ ಕೈರೋದವರು ಮೂರಕ್ಕೆ ‘ತಲಾತ’, ಚಿನ್ನಕ್ಕೆ ‘ದಹಬ್’, ಹೃದಯಕ್ಕೆ ‘ಅಲ್ಬ್’ ಎನ್ನುತ್ತಾರೆ, ಅದು ಅವರ ಊರಿನ ರೂಢಿ. ಅವರನ್ನು ಕೇಳಿ ನಿಮ್ಮ ತ಼ವನ್ನು ಮತ್ತೆ ತ ಮಾಡಿಕೊಳ್ಳಬೇಡಿ. ಓದು, ಪಠಣ, ಕಚೇರಿಯ ಔಪಚಾರಿಕ ಮಾತಿಗೆ ಕ಼ಾಫ್ ಇಟ್ಟುಕೊಳ್ಳಿ. ಅಂಗಡಿಯಲ್ಲಿ ‘ಗಹ್ವ’ ಎಂದೇ ಕೇಳಿ.